21 ಮಿ.ಮೀ. ಗಂಟು, 11 ಮಿ.ಮೀ. ಗಂಟು: ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ನಮ್ಮ ಮನೆಯವರಿಗೆ 47 ವರ್ಷ. ಅಡಿಕೆ ತೋಟದ ಕೆಲಸ. ಮೊದಲಿನಿಂದಲೂ ಹೊಗೆಸೊಪ್ಪು ಸೇರಿಸಿ ಕವಳ ಹಾಕುತ್ತಾರೆ. ಎರಡು ತಿಂಗಳಿಂದ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿದೆ, ನೋವಿಲ್ಲ. ಡಾಕ್ಟರು ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟರು, ಹೋಗಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದೆವು. ಅದರಲ್ಲಿ ಹೀಗಿದೆ: "ರೈಟ್ ಲೆವೆಲ್ 2: 21 x 8 ಮಿ.ಮೀ., ಓವಲ್, ಫ್ಯಾಟಿ ಹೈಲಮ್ ಮೇಂಟೇನ್ಡ್. ಲೆಫ್ಟ್ ಲೆವೆಲ್ 2–3: 11 x 9 ಮಿ.ಮೀ., ರೌಂಡೆಡ್, ಹೈಲಮ್ ನಾಟ್ ಸೀನ್. ಲೈಕ್ಲಿ ರಿಯಾಕ್ಟಿವ್, ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್." ಬಲಗಡೆಯದು ಎರಡು ಸೆಂಟಿಮೀಟರ್ ದಾಟಿದೆಯಲ್ಲ, ಅದು ಕ್ಯಾನ್ಸರಾ? ಎಡಗಡೆಯದು ಚಿಕ್ಕದು, ಅದನ್ನು ಬಿಡಬಹುದಾ? ಸೂಜಿ ಚುಚ್ಚಿಸಿದರೆ ಹರಡುತ್ತದೆ ಅಂತ ಅತ್ತೆ ಹೆದರಿಸುತ್ತಿದ್ದಾರೆ. ಹಲ್ಲು ತಾಗಿ ನಾಲಿಗೆಯ ಎಡಬದಿಯಲ್ಲಿ ಒಂದು ಹುಣ್ಣೂ ಆಗಿದೆ, ಅದಕ್ಕೆ ಮುಲಾಮು ಹಚ್ಚುತ್ತಿದ್ದಾರೆ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾರೆ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಲಗಡೆಯ 21 x 8 ನನಗೆ ಅಷ್ಟು ತಲೆಬಿಸಿ ತರಲಿಲ್ಲ. ನನ್ನ ಕಣ್ಣು ನಿಂತಿದ್ದು ಎಡಗಡೆಯ 11 x 9ರ ಮೇಲೆ. ಅದಕ್ಕಿಂತ ಹೆಚ್ಚಾಗಿ, ಕೊನೆಗೆ ನೀವು ಹಾಗೇ ಸೇರಿಸಿದ ನಾಲಿಗೆಯ ಹುಣ್ಣಿನ ಮಾತನ್ನು ಎರಡು ಸಲ ಓದಿದೆ. ಇದು ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಕಾಗದ ನೋಡಿ ಹಾಗೆ ಹೇಳಲು ಯಾರಿಗೂ ಬರುವುದಿಲ್ಲ. ಆದರೆ ಕೊಯ್ಲು ಮುಗಿಯುವವರೆಗೆ ಕಾಯುವ ವಿಷಯ ಇದಲ್ಲ. ಈ ವಾರವೇ ಬಾಯಿ ತೋರಿಸಿ. ಯಾಕೆ ಅನ್ನುವುದನ್ನು ನಿಮ್ಮ ರಿಪೋರ್ಟನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಈ ಗಂಟುಗಳನ್ನೇ ಲಿಂಫ್ ನೋಡ್ ಅನ್ನುವುದು, ಅವು ಇರುವುದೇ ರೋಗವಲ್ಲ. ಕುತ್ತಿಗೆಯೊಂದರಲ್ಲೇ ನೂರಾರು ಇವೆ. ಥೈರಾಯ್ಡ್ ನೋಡಲೆಂದು ಕುತ್ತಿಗೆಯ ಮೇಲೆ ಪ್ರೋಬ್ ಇಟ್ಟರೂ ಒಂದೆರಡು ಕಾಣಿಸಿಕೊಳ್ಳುತ್ತವೆ. ಹಲ್ಲು ಹುಳುಕಾದರೆ, ಗಂಟಲು ಕೆಟ್ಟರೆ, ತಲೆಯಲ್ಲಿ ಕಜ್ಜಿಯಾದರೆ ಆ ಭಾಗದ ಕಾವಲಿನ ಗಂಟು ಊದಿಕೊಳ್ಳುತ್ತದೆ. ರೋಗ ಹೋದ ಮೇಲೂ ಕೆಲವು ಪೂರ್ತಿ ಇಳಿಯದೆ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ರಿಪೋರ್ಟಿನಲ್ಲಿ "ಸಬ್‌ಸೆಂಟಿಮೆಟ್ರಿಕ್" ಅಂತ ಬರೆದರೆ ಒಂದು ಸೆಂಟಿಮೀಟರಿಗಿಂತ ಸಣ್ಣದು ಎಂದಷ್ಟೇ ಅರ್ಥ. ಆ ಪದ ಓದಿಯೇ ಬೆವರಿ ಬಂದವರನ್ನು ನೋಡಿದ್ದೇನೆ.

ಈಗ ಅಳತೆಗೆ ಬನ್ನಿ. ಎರಡು ಅಂಕಿ ಕೊಟ್ಟಿರುತ್ತಾರೆ, ಒಂದು ಉದ್ದ, ಇನ್ನೊಂದು ಅಡ್ಡ. ಮನೆಯವರೆಲ್ಲ ನೋಡುವುದು ದೊಡ್ಡ ಅಂಕಿಯನ್ನು, ನಾವು ನೋಡುವುದು ಚಿಕ್ಕದನ್ನು. ಕುತ್ತಿಗೆಯ ಗಂಟುಗಳು ಸ್ನಾಯು, ರಕ್ತನಾಳದ ಗುಂಟ ಉದ್ದಕ್ಕೆ ಮಲಗಿರುತ್ತವೆ. ಆರೋಗ್ಯವಂತರಲ್ಲೂ ದವಡೆಯ ಮೂಲೆಯ ಕೆಳಗಿನದು ಎರಡು ಸೆಂಟಿಮೀಟರ್ ಉದ್ದ ಇರುವುದುಂಟು. ಒಳಗೆ ಏನೋ ತುಂಬಿಕೊಳ್ಳತೊಡಗಿದರೆ ಗಂಟು ದಪ್ಪವಾಗುತ್ತದೆ, ಹಾಗಾಗಿ ಅಡ್ಡಳತೆಯೇ ಮುಖ್ಯ. ಕುತ್ತಿಗೆಯಲ್ಲಿ ಅಡ್ಡಳತೆ 10 ಮಿ.ಮೀ. ಒಳಗಿದ್ದರೆ ಸಾಮಾನ್ಯ, ದಾಟಿದರೆ ಗಮನಿಸಬೇಕು ಎನ್ನುವುದು ಬಹುತೇಕ ಎಲ್ಲರೂ ಬಳಸುವ ಲೆಕ್ಕ.

ಆದರೆ 10 ಅನ್ನುವುದು ಬೇಲಿಯೇನೂ ಅಲ್ಲ. 14 ಮಿ.ಮೀ. ದಪ್ಪದ ಗಂಟು ಬರೀ ಗಂಟಲು ನೋವಿನದ್ದಾಗಿರಬಹುದು, 7 ಮಿ.ಮೀ.ನದರಲ್ಲಿ ಕ್ಯಾನ್ಸರ್ ಕೋಶ ಕೂತಿರಬಹುದು. ಅಳೆಯುವ ಕೈ ಬದಲಾದರೆ ಅಳತೆಯೂ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ಹೋದ ತಿಂಗಳು 8 ಇದ್ದದ್ದು ಈ ತಿಂಗಳು 9 ಆಗಿದೆ, ಬೆಳೀತಿದೆ ಡಾಕ್ಟ್ರೇ ಅಂತ ಗಾಬರಿಯಿಂದ ಬರುವವರಿಗೆ ನಾನು ಇದನ್ನೇ ಹೇಳುವುದು. ನಿಮ್ಮವರ ಎರಡೂ ಗಂಟುಗಳ ಅಡ್ಡಳತೆ 8 ಮತ್ತು 9, ಎರಡೂ 10ರ ಒಳಗೇ. ಅಳತೆಯೊಂದನ್ನೇ ಹಿಡಿದರೆ ಎರಡನ್ನೂ ಬಿಟ್ಟುಬಿಡಬಹುದಿತ್ತು. ಆದರೆ ಆಕಾರ ಬೇರೆ ಕತೆ ಹೇಳುತ್ತಿದೆ.

ಸಹಜ ಗಂಟು ಅವರೆಕಾಳಿನ ಹಾಗೆ. ಉದ್ದಕ್ಕಿರುತ್ತದೆ, ಒಂದು ಪಕ್ಕ ಸ್ವಲ್ಪ ಒಳಸರಿದಿರುತ್ತದೆ, ಅಲ್ಲೊಂದು ಬಿಳಿ ಗುರುತು. ಸೋಂಕಿಗೆ ಊದಿಕೊಂಡಾಗ ಅದರ ಕಾವಲಿನ ಕೋಶಗಳು ತಂತಮ್ಮ ಜಾಗದಲ್ಲೇ ಹೆಚ್ಚಾಗುತ್ತವೆ. ನೆನೆಹಾಕಿದ ಅವರೆ ದೊಡ್ಡದಾದರೂ ಅವರೆಯಾಗಿಯೇ ಇರುತ್ತದಲ್ಲ, ಹಾಗೆ. ಹೊರಗಿನಿಂದ ಬಂದ ಕ್ಯಾನ್ಸರ್ ಕೋಶಗಳು ಹೊರಸಿಪ್ಪೆಯ ಹತ್ತಿರ ಬೀಡುಬಿಟ್ಟು ಅಲ್ಲಿಂದ ಬೆಳೆಯುತ್ತ ಒಳಗಿನ ಏರ್ಪಾಡನ್ನು ಒತ್ತಿ ಹಾಕುತ್ತವೆ. ಆಗ ಅವರೆಕಾಳು ಬಟಾಣಿಯಾಗುತ್ತದೆ. ಉದ್ದವನ್ನು ಅಡ್ಡಳತೆಯಿಂದ ಭಾಗಿಸಿ ನೋಡಿ. ಉತ್ತರ 2ಕ್ಕಿಂತ ಹೆಚ್ಚಿದ್ದರೆ ಅವರೆ, 2ಕ್ಕಿಂತ ಕೆಳಗಿಳಿದು 1ರ ಹತ್ತಿರ ಬಂದಷ್ಟೂ ಬಟಾಣಿ. ಬಲಗಡೆಯದು 21 ಭಾಗಿಸು 8, ಎರಡೂವರೆಗಿಂತ ಸ್ವಲ್ಪ ಜಾಸ್ತಿ. ಎಡಗಡೆಯದು 11 ಭಾಗಿಸು 9, ಒಂದೂಕಾಲೂ ಇಲ್ಲ. "ಓವಲ್", "ರೌಂಡೆಡ್" ಅಂತ ಬರೆದಿರುವುದು ಇದನ್ನೇ.

ಇದಕ್ಕೂ ಅಪವಾದವಿದೆ. ದವಡೆಯ ಕೆಳಗೆ ಜೊಲ್ಲುಗ್ರಂಥಿಯ ಪಕ್ಕದಲ್ಲಿರುವವು, ಕಿವಿಯ ಮುಂದಿನವು ಹುಟ್ಟಾ ಸ್ವಲ್ಪ ದುಂಡಗೇ ಇರುತ್ತವೆ. ಅಲ್ಲಿ "ರೌಂಡೆಡ್" ಅನ್ನುವುದಕ್ಕೆ ಅಷ್ಟು ತೂಕವಿಲ್ಲ. ನಿಮ್ಮವರ ಎಡಗಂಟು ಆ ಜಾಗದ್ದಲ್ಲ.

ಆ ಬಿಳಿ ಗುರುತು ಅಂದೆನಲ್ಲ, ಅದೇ "ಹೈಲಮ್". ಗಂಟಿಗೆ ರಕ್ತನಾಳ ಒಳಹೋಗುವ ಬಾಗಿಲು. ಸುತ್ತ ಒಂದಿಷ್ಟು ಕೊಬ್ಬು ಇರುವುದರಿಂದ ಸ್ಕ್ಯಾನ್ ಪರದೆಯಲ್ಲಿ ಬೂದು ಕಾಳಿನ ನಡುವೆ ಬೆಳ್ಳಗಿನ ಗೆರೆಯಾಗಿ ಕಾಣುತ್ತದೆ. "ಫ್ಯಾಟಿ ಹೈಲಮ್ ಮೇಂಟೇನ್ಡ್" ಅಂದರೆ ಬಾಗಿಲು ಇದ್ದಲ್ಲೇ ಇದೆ, ಮನೆಯ ಒಳಗಿನ ಏರ್ಪಾಡು ಕೆಟ್ಟಿಲ್ಲ ಅಂತ. ಇಡೀ ರಿಪೋರ್ಟಿನಲ್ಲಿ ಇದರಷ್ಟು ಸಮಾಧಾನ ಕೊಡುವ ಸಾಲು ಇನ್ನೊಂದಿಲ್ಲ. 21ರ ಗಂಟನ್ನು ನಾನು ಪಕ್ಕಕ್ಕಿಟ್ಟಿದ್ದು ಇದರ ಬಲದ ಮೇಲೇ. ಎಡಗಡೆಯದಕ್ಕೆ "ಹೈಲಮ್ ನಾಟ್ ಸೀನ್" ಅಂತಿದೆ. ಐದಾರು ಮಿಲಿಮೀಟರಿನ ಸಣ್ಣ ಗಂಟಾಗಿದ್ದರೆ, ಗೆರೆ ತೆಳ್ಳಗಿದೆ, ಯಂತ್ರಕ್ಕೆ ಸಿಕ್ಕಿಲ್ಲ ಅಂದುಕೊಳ್ಳಬಹುದಿತ್ತು. 9 ಮಿ.ಮೀ. ದಪ್ಪದ, ದುಂಡಗಿನ ಗಂಟಿನಲ್ಲಿ ಬಾಗಿಲೇ ಕಾಣುತ್ತಿಲ್ಲ ಅಂದರೆ ಎರಡು ಗುರುತು ಒಂದೇ ಕಡೆ ಕೈತೋರಿಸಿದ ಹಾಗಾಯಿತು.

ಕೆಲವು ರಿಪೋರ್ಟುಗಳಲ್ಲಿ ಡಾಪ್ಲರ್ ಸಾಲೂ ಇರುತ್ತದೆ. ರಕ್ತ ಬಾಗಿಲಿನಿಂದ ಒಳಹೋಗಿ ಮರದ ಟಿಸಿಲಿನಂತೆ ಹರಡಿದ್ದರೆ "ಹೈಲರ್ ವ್ಯಾಸ್ಕುಲಾರಿಟಿ", ಅದು ಒಳ್ಳೆಯದು. ಸಿಪ್ಪೆಯ ಸುತ್ತಲಿಂದ ಅಡ್ಡಾದಿಡ್ಡಿ ನುಗ್ಗಿದ್ದರೆ "ಪೆರಿಫೆರಲ್", ಅದು ಅನುಮಾನದ್ದು. ನಿಮ್ಮ ರಿಪೋರ್ಟಿನಲ್ಲಿ ಆ ಸಾಲಿಲ್ಲ. ಅದಕ್ಕೋಸ್ಕರ ಮತ್ತೆ ಸ್ಕ್ಯಾನ್ ಮಾಡಿಸಲು ಓಡಬೇಡಿ, ಮುಂದೆ ಹೇಗೂ ಸೂಜಿ ಹಾಕುವಾಗ ನೋಡುತ್ತಾರೆ.

ಇನ್ನು ಜಾಗ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ, ನನಗಂತೂ ಅಳತೆಗಿಂತ ಇದೇ ದೊಡ್ಡದು. ಮಳೆಗಾಲದಲ್ಲಿ ತೊಡೆಸಂದಿನ ಗಂಟು ಹಿಡಿದುಕೊಂಡು ನಮ್ಮಲ್ಲಿಗೆ ಬರುವವರ ಪಾದ ನೋಡಬೇಕು. ಬೆರಳಸಂದಿ ಕೆಸರುಹುಣ್ಣಾಗಿರುತ್ತದೆ, ಉಂಬಳ ಕಚ್ಚಿದ ಕಲೆಯನ್ನು ಕೆರೆದು ಕೀವು ಮಾಡಿಕೊಂಡಿರುತ್ತಾರೆ. ಅವರ ಗಂಟು ಅಡ್ಡಳತೆ 15 ಇದ್ದರೂ ನನಗೆ ಆಶ್ಚರ್ಯವಾಗುವುದಿಲ್ಲ, ಬರಿಗಾಲಲ್ಲಿ ತೋಟ ತಿರುಗುವವರಿಗೆ ತೊಡೆಸಂದಿನ ಲೆಕ್ಕವೇ ಬೇರೆ. ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಜ್ವರ ಬಂದಾಗಲೂ ಕುತ್ತಿಗೆ, ಕಂಕುಳಲ್ಲಿ ಗಂಟು ಏಳುವುದುಂಟು. ಆದರೆ ಅದರ ಜೊತೆ ಮನುಷ್ಯನನ್ನು ನೆಲಕ್ಕೆ ಕೆಡವುವಂಥ ಜ್ವರ, ಮೈಕೈ ನೋವು ಇರುತ್ತದೆ. ಅದೇ ಎಡ ಕಾಲರ್ ಮೂಳೆಯ ಮೇಲಿನ ಕುಳಿಯಲ್ಲಿ ಒಂದು ಸೆಂಟಿಮೀಟರೂ ಇಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕಿದರೆ ನಾನು ಸುಮ್ಮನಿರುವುದಿಲ್ಲ. ಹೊಟ್ಟೆ, ಎದೆಗೂಡಿನ ಒಳಗಿನ ರೋಗ ಅಲ್ಲಿಗೆ ಬಂದು ಮುಖ ತೋರಿಸುತ್ತದೆ.

ರಿಪೋರ್ಟಿನ "ಲೆವೆಲ್" ಅನ್ನುವುದು ಕುತ್ತಿಗೆಯ ನಕ್ಷೆಯ ವಾರ್ಡ್ ನಂಬರ್ ಇದ್ದ ಹಾಗೆ. ದವಡೆಯ ಅಡಿಯಿಂದ ಶುರುವಾಗಿ ಕೆಳಗಿಳಿಯುತ್ತ ಹೋಗುತ್ತದೆ. ಯಾವ ವಾರ್ಡಿಗೆ ಬಾಯಿಯ ಯಾವ ಭಾಗದ ಲಿಂಫ್ ನೀರು ಬಂದು ಸೇರುತ್ತದೆ ಎನ್ನುವುದು ಹೆಚ್ಚುಕಡಿಮೆ ಗೊತ್ತಿದೆ. ನಾಲಿಗೆಯ ಬದಿಯ ನೀರು ಅದೇ ಪಕ್ಕದ 1, 2, 3ನೇ ಲೆವೆಲ್ಲಿಗೆ ಬರುತ್ತದೆ. ಈಗ ಲೆಕ್ಕ ಹಾಕಿ: ಹುಣ್ಣು ನಾಲಿಗೆಯ ಎಡಬದಿಯಲ್ಲಿ, ದುಂಡಗಾಗಿ ಬಾಗಿಲು ಕಳೆದುಕೊಂಡ ಗಂಟು ಎಡಗಡೆಯ 2–3ರಲ್ಲಿ. ಹೊಗೆಸೊಪ್ಪಿನ ಕವಳ ಇಪ್ಪತ್ತು ಮೂವತ್ತು ವರ್ಷ ಹಾಕಿದವರಲ್ಲಿ ಈ ಎರಡನ್ನು ಬೇರೆ ಬೇರೆಯಾಗಿ ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. (ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ಏನೂ ಆಗುವುದಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಇದೆ. ನಾನೂ ತೋಟದ ಮನೆಯಲ್ಲೇ ಬೆಳೆದವನು, ಹೇಳಲು ಖುಷಿಯಿಲ್ಲ. ಆದರೆ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಜಾಸ್ತಿ.)

ಹಾಗಾದರೆ "ಲೈಕ್ಲಿ ರಿಯಾಕ್ಟಿವ್" ಅಂತ ಯಾಕೆ ಬರೆದರು ಎಂದು ನೀವು ಕೇಳಬಹುದು. ಅಲ್ಲಿನ ಕತ್ತಲೆ ಕೋಣೆಯಲ್ಲಿ ಕೂತಿರುವವನ ಕಷ್ಟ ನನಗೆ ಗೊತ್ತು. ಚೀಟಿಯಲ್ಲಿ "ನೆಕ್ ಸ್ವೆಲ್ಲಿಂಗ್" ಅಂತ ಎರಡೇ ಪದ ಇರುತ್ತದೆ, ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಎರಡೂ ಅಡ್ಡಳತೆ 10ರ ಒಳಗಿದೆ, ಹಾಗಾಗಿ ಬಹುಶಃ ಸೋಂಕಿನದ್ದು ಅಂದುಕೊಂಡು, ಅನುಮಾನಕ್ಕೆ ಜಾಗ ಬಿಟ್ಟು "ಕ್ಲಿನಿಕಲ್ ಕೋರಿಲೇಶನ್" ಎಂದು ಬರೆದಿದ್ದಾರೆ. ಅದರ ಅರ್ಥ, ನಾನು ಕುತ್ತಿಗೆ ಮಾತ್ರ ನೋಡಿದ್ದೇನೆ, ಬಾಯಿ, ಗಂಟಲು, ತಲೆ ನೀವು ನೋಡಿ ತಾಳೆಹಾಕಿ ಎಂದು. ಆ ಕೊನೆಯ ಸಾಲನ್ನು ಕಟ್ಟಳೆಯ ಮಾತು ಅಂದುಕೊಂಡು ಯಾರೂ ಓದುವುದಿಲ್ಲ. ನಾನೂ ಹಿಂದೊಮ್ಮೆ ಹೀಗೇ ಬರೆದು ಕಳಿಸಿದ್ದೆ. ಮೂರು ತಿಂಗಳ ಮೇಲೆ ಅದೇ ಮನುಷ್ಯ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿಯಲ್ಲಿ ಬಂದರು. ಕೆನ್ನೆಯ ಒಳಗಿನ ಹುಣ್ಣು ಮೊದಲ ದಿನವೂ ಅಲ್ಲೇ ಇತ್ತು, ನಾನು ಕೇಳಿರಲಿಲ್ಲ ಅಷ್ಟೇ. ಆಮೇಲಿಂದ ಸ್ಕ್ಯಾನ್ ಮೇಜಿನ ಪಕ್ಕ ಒಂದು ಟಾರ್ಚ್ ಇಟ್ಟುಕೊಂಡಿದ್ದೇನೆ. ಕುತ್ತಿಗೆ ಗಂಟಿನವರು ಬಂದರೆ ಬಾಯಿ ತೆರೆಸದೆ ಕಳಿಸುವುದಿಲ್ಲ.

ಇವತ್ತು ಸಂಜೆ ನೀವೂ ನೋಡಿ. ಬಾಯಿ ತೊಳೆಸಿ, ಬಾಗಿಲ ಬೆಳಕಿಗೆ ಕೂರಿಸಿ, ನಾಲಿಗೆಯ ತುದಿಯನ್ನು ಶುದ್ಧ ಬಟ್ಟೆಯಲ್ಲಿ ಹಿಡಿದು ಬಲಕ್ಕೆ ಎಳೆದು ಎಡಬದಿಯನ್ನು ಹಿಂದಿನವರೆಗೆ ನೋಡಿ. ಹಲ್ಲು ತಾಗಿ ಆದ ಗಾಯ ಮುಟ್ಟಿದರೆ ಮೆತ್ತಗಿರುತ್ತದೆ, ನೋಯುತ್ತದೆ. ಆ ಹಲ್ಲನ್ನು ಅರೆದು ನಯ ಮಾಡಿಸಿದರೆ ಎರಡು ವಾರದೊಳಗೆ ಮಾಯುತ್ತದೆ. ಅಂಚು ಎತ್ತರಿಸಿಕೊಂಡು, ಅಡಿ ಹಸಿ ಅಡಿಕೆಯ ಹಾಗೆ ಗಟ್ಟಿ ಹತ್ತುತ್ತಿದ್ದರೆ ಅದು ಬೇರೆ ಜಾತಿ. ಹಾಗೆಂದು ಮೆತ್ತಗಿದೆ ಅನ್ನಿಸಿದರೆ ಹೋಗುವುದು ಬೇಡ ಅಂತಲ್ಲ. ಎರಡು ವಾರ ದಾಟಿಯೂ ಮಾಯದ ಹುಣ್ಣು, ಜೊತೆಗೆ ಇಂಥ ಗಂಟು ಇದ್ದರೆ ತುಂಡು ತೆಗೆದು ಪರೀಕ್ಷೆ ಆಗಲೇಬೇಕು. ಮುಲಾಮು ನೋವನ್ನಷ್ಟೇ ಮುಚ್ಚುತ್ತದೆ.

ನೋವಿಲ್ಲದ ಗಂಟು ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚಾಗಿ ನೋಯುವುದು ಸೋಂಕಿಗೆ ತಟಕ್ಕನೆ ಊದಿಕೊಂಡ ಗಂಟು. ಕ್ಯಾನ್ಸರಿನದ್ದು, ಕ್ಷಯದ್ದು ಮೊದಮೊದಲು ನೋಯದೆಯೇ ಕೂತಿರುತ್ತದೆ. ಹಳಬರು ಗಂಡಮಾಲೆ ಎನ್ನುತ್ತಿದ್ದುದು ಬಹುಮಟ್ಟಿಗೆ ಈ ಕ್ಷಯದ ಗಂಟುಗಳನ್ನೇ. ಸ್ಕ್ಯಾನಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡ ಗೊಂಚಲಾಗಿ ಕಾಣುತ್ತವೆ, ಅದಕ್ಕೆ "ಮ್ಯಾಟೆಡ್" ಅನ್ನುತ್ತಾರೆ. ನಡುವೆ ಕೊಳೆತು ನೀರಾಗಿದ್ದರೆ "ನೆಕ್ರೋಸಿಸ್". ನಿಮ್ಮವರ ರಿಪೋರ್ಟಿನಲ್ಲಿ ಎರಡೂ ಇಲ್ಲ, ಆದರೂ ಒಂಟಿ ದುಂಡು ಗಂಟು ಕ್ಷಯದ್ದಾಗಿರುವ ಸಾಧ್ಯತೆ ತೆಗೆದುಹಾಕುವಂತಿಲ್ಲ. ಚಿತ್ರ ನೋಡಿ ಕ್ಷಯವೋ ಕ್ಯಾನ್ಸರೋ ಎಂದು ಆಣೆಯಿಟ್ಟು ಹೇಳಲು ಬರುವುದಿಲ್ಲ, ಒಂದನ್ನೊಂದು ಬಹಳ ಚೆನ್ನಾಗಿ ಅನುಕರಿಸುತ್ತವೆ. ಸೂಜಿ ಬೇಕಾಗುವುದು ಇದಕ್ಕೇ.

ನಿಮ್ಮ ಅತ್ತೆಯವರ ಹೆದರಿಕೆಗೆ ಬರೋಣ. ಎಫ್‌ಎನ್‌ಎಸಿ ಅಂದರೆ ಇಂಜೆಕ್ಷನ್ನಿನ ಸೂಜಿಯಷ್ಟೇ ತೆಳ್ಳಗಿನ ಸೂಜಿ. ಸ್ಕ್ಯಾನ್ ನೋಡುತ್ತಲೇ ಗಂಟಿಗೆ ಇಳಿಸಿ, ಹಿಂದೆ ಮುಂದೆ ಆಡಿಸಿ ಒಂದಿಷ್ಟು ಕೋಶ ತೆಗೆದು ಗಾಜಿನ ಮೇಲೆ ಬಳಿಯುತ್ತಾರೆ. ಹತ್ತು ನಿಮಿಷದ ಕೆಲಸ, ಚುಚ್ಚಿದಲ್ಲಿ ಸ್ವಲ್ಪ ಕಂದಬಹುದು. ಕುತ್ತಿಗೆಯ ಗಂಟಿಗೆ ಹೀಗೆ ಚುಚ್ಚಿದ್ದರಿಂದ ರೋಗ ಹರಡಿತು ಎಂದು ಹೆದರಿ ಪರೀಕ್ಷೆ ಬಿಡುವಷ್ಟು ಅಪಾಯ ಇಲ್ಲ. ಸೂಜಿ ಹಾಕಿದ ಮೇಲೆ ಕಾಯಿಲೆ ಜೋರಾಯಿತು ಎಂದು ಊರಲ್ಲಿ ಹೇಳುವ ಕತೆಗಳಲ್ಲಿ ಸೂಜಿ ಬಿದ್ದದ್ದೇ ತಡವಾಗಿರುತ್ತದೆ, ಅಷ್ಟರಲ್ಲಿ ಕಾಯಿಲೆ ತನ್ನ ಪಾಡಿಗೆ ಮುಂದೆ ಹೋಗಿರುತ್ತದೆ.

ನಿಜವಾಗಿ ಎಚ್ಚರ ಬೇಕಾದ್ದು ಇನ್ನೊಂದಕ್ಕೆ. ಸೂಜಿ ಯಾಕೆ, ಗಂಟನ್ನೇ ಕತ್ತರಿಸಿ ತೆಗೆದುಬಿಡೋಣ ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಬಾಯಿಯ ರೋಗದ ಅನುಮಾನ ಇರುವಾಗ ಕುತ್ತಿಗೆಯನ್ನು ಮೊದಲೇ ಕೊಯ್ದು ಒಂದು ಗಂಟು ತೆಗೆದರೆ, ಮುಂದೆ ದೊಡ್ಡ ಆಪರೇಷನ್ ಬೇಕಾದಾಗ ಆ ಜಾಗ ಕಲೆಗಟ್ಟಿ ಪದರಗಳು ಸಿಗದೆ ಕೆಲಸ ಕೆಡುತ್ತದೆ. ಬಾಯಿ ಮೊದಲು, ಸೂಜಿ ಎರಡನೆಯದು, ಕತ್ತಿ ಬಂದರೆ ಕೊನೆಗೆ. ಲಿಂಫೋಮಾ, ಅಂದರೆ ಗಂಟಿನಲ್ಲೇ ಹುಟ್ಟುವ ಕ್ಯಾನ್ಸರಿನ ಅನುಮಾನ ಇದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಅದಕ್ಕೆ ಕೋಶ ಸಾಲದು, ತುಂಡೋ ಇಡೀ ಗಂಟೋ ಬೇಕು. ಆದರೆ ಲಿಂಫೋಮಾ ಸಾಮಾನ್ಯವಾಗಿ ದಪ್ಪದಪ್ಪ ಗಂಟುಗಳಾಗಿ, ಕುತ್ತಿಗೆ ಕಂಕುಳು ಹೀಗೆ ಹಲವು ಕಡೆ ಬರುತ್ತದೆ. ನಿಮ್ಮವರದು ಆ ಚಿತ್ರವಲ್ಲ.

ಇನ್ನೊಂದು ಸುತ್ತು ಆ್ಯಂಟಿಬಯೋಟಿಕ್ ಬೇಡ. ಒಂದು ಸುತ್ತು ಕೊಟ್ಟು ಎರಡು ಮೂರು ವಾರ ನೋಡುವುದು ಸರಿಯಾದ ಕ್ರಮವೇ, ಮೊದಲು ನೋಡಿದ ಡಾಕ್ಟರದ್ದು ತಪ್ಪಲ್ಲ. ಆ ಅವಧಿ ಈಗ ಮುಗಿದಿದೆ. ಊತ ಇಳಿಯಲಿ ಎಂದು ಯಾರಾದರೂ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ನುಂಗಿಸಬೇಡಿ. ಗಂಟು ತಾತ್ಕಾಲಿಕವಾಗಿ ಕರಗಿದ ಹಾಗಾಗಿ ಪರೀಕ್ಷೆಯಲ್ಲಿ ರೋಗ ಮುಚ್ಚಿಹೋಗುತ್ತದೆ. ಪರೀಕ್ಷೆ ಮಾಡದೆ ಅಂದಾಜಿನ ಮೇಲೆ ಕ್ಷಯದ ಮಾತ್ರೆ ಶುರುಮಾಡುವುದೂ ಅಷ್ಟೇ. ಆರು ತಿಂಗಳ ಔಷಧಿ ಅದು, ಎರಡು ತಿಂಗಳು ಕಾದು ಗುಣವಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ನಾಲಿಗೆಯ ಹುಣ್ಣು ನಮಗಾಗಿ ಕಾಯುತ್ತ ಕೂರುವುದಿಲ್ಲ.

ಶಿವಮೊಗ್ಗಕ್ಕೆ ಬರುವುದಾದರೆ ಮೆಗ್ಗಾನ್ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಹೋಗಿ, ಅಥವಾ ನಿಮಗೆ ಪರಿಚಯದ ಇಎನ್‌ಟಿ ಇಲ್ಲವೇ ಬಾಯಿ-ದವಡೆ ಸರ್ಜನ್ ಬಳಿಗಾದರೂ ಸರಿ. ಗಂಟು ಅಂತ ಮಾತು ಶುರುಮಾಡಬೇಡಿ, ನಾಲಿಗೆಯಲ್ಲಿ ಇಷ್ಟು ವಾರದಿಂದ ಮಾಯದ ಹುಣ್ಣಿದೆ, ಅದೇ ಕಡೆ ಗಂಟಿದೆ ಅನ್ನಿ. ರಿಪೋರ್ಟಿನ ಜೊತೆ ಸ್ಕ್ಯಾನಿನ ಚಿತ್ರಗಳನ್ನೂ ಒಯ್ಯಿರಿ. ಹುಣ್ಣಿನ ಅಂಚಿನಿಂದ ಅಕ್ಕಿಕಾಳಷ್ಟು ತುಂಡನ್ನು ಮರಗಟ್ಟಿಸಿ ತೆಗೆಯುತ್ತಾರೆ, ಎಡಗಂಟಿಗೆ ಸೂಜಿ ಹಾಕುತ್ತಾರೆ. ಸೂಜಿಯಲ್ಲಿ ಬಂದದ್ದನ್ನು ಕ್ಷಯಕ್ಕೆ ಸಿಬಿನಾಟ್ ಪರೀಕ್ಷೆಗೂ ಕಳಿಸಲು ಕೇಳಿ, ಒಂದೇ ಚುಚ್ಚಿನಲ್ಲಿ ಎರಡೂ ಆಗುತ್ತದೆ. ಕ್ಷಯ ಎಂದು ಬಂದರೆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಲಗಡೆಯ 21ಕ್ಕೆ ಈಗ ಏನೂ ಬೇಡ, ಮುಂದಿನ ಸ್ಕ್ಯಾನ್ ಆಗುವಾಗ ಅದನ್ನೂ ಒಮ್ಮೆ ನೋಡಿದರೆ ಸಾಕು.

ಸೂಜಿಯ ರಿಪೋರ್ಟ್ ಬಂದಾಗ "ಇನ್‌ಅಡಿಕ್ವೇಟ್" ಎಂಬ ಪದ ಕಂಡರೆ, ಸಾಕಷ್ಟು ಕೋಶ ಸಿಗಲಿಲ್ಲ, ಮತ್ತೊಮ್ಮೆ ಚುಚ್ಚಬೇಕು ಎಂದರ್ಥ. ಅದನ್ನು "ಏನೂ ಇಲ್ಲ" ಎಂದು ಓದಿಕೊಂಡು ಮನೆಗೆ ಬಂದವರಿದ್ದಾರೆ. "ರಿಯಾಕ್ಟಿವ್" ಎಂದೇ ಬಂದು, ಹುಣ್ಣಿನ ತುಂಡಿನಲ್ಲೂ ಏನೂ ಸಿಗದಿದ್ದರೆ ಹಲ್ಲು ನಯ ಮಾಡಿಸಿ, ಕವಳ ನಿಲ್ಲಿಸಿ, ಆರು ವಾರದ ಮೇಲೆ ಎಡಗಡೆಯದನ್ನು ಇನ್ನೊಮ್ಮೆ ಅಳೆಸಿ. ಆಗ 11 ಅಷ್ಟೇ ಇದೆಯೇ ಎಂದು ನೋಡಬೇಡಿ, 9 ಏನಾಗಿದೆ ನೋಡಿ.